ಬಿದ್ದ ಗಿರಣಿಯ ಸಾಲ: ಮೊದಲ ಪಾಲು ಯಾರದು?



ತಾವರಗೇರಾದ ವರ್ತಕನೊಬ್ಬನು ಎಣ್ಣೆ ಗಿರಣಿಯೊಂದಕ್ಕೆ ಸೂರ್ಯಕಾಂತಿ ಬೀಜವನ್ನು ಉದ್ದರಿಯಾಗಿ ಕೊಟ್ಟಿರುವನೆಂದು ಭಾವಿಸೋಣ. ಗಿರಣಿಯ ಒಡೆತನ ಕಂಪನಿಯದು. ಕೊಟ್ಟ ಮಾತಿನ ದಿನ ಕಳೆದರೂ ಹಣ ಬಾರದು. ಕೆಲವು ತಿಂಗಳಲ್ಲಿ ಕಂಪನಿ ದಿವಾಳಿಯಾಯಿತೆಂಬ ಸುದ್ದಿ ಬರುತ್ತದೆ. ಇಲ್ಲಿ ಗಿರಣಿಯೂ ಅದರ ಲೆಕ್ಕವೂ ನಮ್ಮ ಕಲ್ಪನೆ. ಕಾನೂನು ಮಾತ್ರ ಕಲ್ಪನೆಯಲ್ಲ. ಈ ವರ್ತಕನು ಸಾಲ ಕೊಟ್ಟವರ ಸಾಲಿನಲ್ಲಿ ಎಲ್ಲಿ ನಿಲ್ಲುವನೆಂಬುದನ್ನು ಇಂದು ವಿಚಾರಿಸುವೆವು.

ಗಿರಣಿಯು ಬ್ಯಾಂಕಿಗೆ 9 ಕೋಟಿ ಕೊಡಬೇಕು. ಆ ಸಾಲಕ್ಕೆ ಕಟ್ಟಡವೂ ಯಂತ್ರಗಳೂ ಅಡಮಾನವಾಗಿವೆ. ಕಾರ್ಮಿಕರ ಕೂಲಿ ಬಾಕಿ 1 ಕೋಟಿ, ಸರಕಾರದ ತೆರಿಗೆ 1 ಕೋಟಿ, ಬೀಜ ಕೊಟ್ಟ ವರ್ತಕರಿಗೆ ಸಲ್ಲಬೇಕಾದದ್ದು 2 ಕೋಟಿ. ಎಲ್ಲ ಸ್ವತ್ತನ್ನೂ ಬಿಡಿಬಿಡಿಯಾಗಿ ಹರಾಜು ಹಾಕಿದರೆ 6 ಕೋಟಿ 60 ಲಕ್ಷ ಬರುವುದೆನ್ನೋಣ. ಹೀಗೆ ಮಾರಿ, ಹಂಚಿ, ಕಂಪನಿಯ ಹೆಸರನ್ನೇ ಅಳಿಸುವುದು ವಿಸರ್ಜನೆ.

ವಿಸರ್ಜನೆಯಲ್ಲಿ ಹಂಚಿಕೆಯ ಕ್ರಮವನ್ನು 2016ರ ದಿವಾಳಿ ಸಂಹಿತೆಯ 53ನೆಯ ಕಲಮು ಗೊತ್ತುಮಾಡಿದೆ. ಕಾರ್ಯಭಾರದ ವೆಚ್ಚ ಮೊದಲು. ಅದು 60 ಲಕ್ಷವೆಂದರೆ ಉಳಿಯುವುದು 6 ಕೋಟಿ. ಅನಂತರ ಕಾರ್ಮಿಕರ ಇಪ್ಪತ್ತನಾಲ್ಕು ತಿಂಗಳವರೆಗಿನ ಬಾಕಿಯೂ, ಅಡಮಾನವನ್ನು ಸಾಮಾನ್ಯ ನಿಧಿಗೆ ಬಿಟ್ಟುಕೊಟ್ಟ ಬ್ಯಾಂಕಿನ ಸಾಲವೂ ಸಮಾನ ಪಂಕ್ತಿಯಲ್ಲಿ ಕೂರುತ್ತವೆ. ಎರಡೂ ಸೇರಿ 10 ಕೋಟಿ, ಕೈಯಲ್ಲಿರುವುದು 6. ಆದುದರಿಂದ ಇಬ್ಬರಿಗೂ ರೂಪಾಯಿಗೆ 60 ಪೈಸೆ: ಕಾರ್ಮಿಕರಿಗೆ 60 ಲಕ್ಷ, ಬ್ಯಾಂಕಿಗೆ 5 ಕೋಟಿ 40 ಲಕ್ಷ. ಅಲ್ಲಿಗೆ ಪಾತ್ರೆ ಬರಿದಾಯಿತು. ಕೆಳಗಿನ ಪಂಕ್ತಿಯ ತೆರಿಗೆಗೂ, ಅದಕ್ಕಿಂತ ಕೆಳಗಿರುವ ವರ್ತಕನಿಗೂ ಒಂದು ಕಾಸೂ ಇಲ್ಲ. ಕಂಪನಿಯ ಷೇರುದಾರರು ಎಲ್ಲರಿಗಿಂತ ಕೊನೆಯವರು. ಮೇಲಿನ ಪಂಕ್ತಿ ಪೂರ್ಣ ತೃಪ್ತವಾಗದೆ ಕೆಳಗಿನ ಪಂಕ್ತಿಗೆ ಬಡಿಸುವುದಿಲ್ಲವೆಂಬುದೇ ಇಲ್ಲಿಯ ನಿಯಮ.

ಇನ್ನು ಎರಡನೆಯ ದಾರಿ ಪುನರುಜ್ಜೀವನ. ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯು ಅರ್ಜಿಯನ್ನು ಅಂಗೀಕರಿಸಿದೊಡನೆ ಎಲ್ಲ ವಸೂಲಿ ದಾವೆಗಳೂ ತಡೆಯಲ್ಪಡುತ್ತವೆ. ನೇಮಿತನಾದ ವೃತ್ತಿಪರನು ಗಿರಣಿಯನ್ನು ನಡೆಸುತ್ತ, ಅದನ್ನು ಇಡಿಯಾಗಿ ವಹಿಸಿಕೊಳ್ಳುವವರನ್ನು ಹುಡುಕುತ್ತಾನೆ. ತಿರುಗುವ ಗಾಣಕ್ಕೆ ನಿಂತ ಗಾಣಕ್ಕಿಂತ ಬೆಲೆ ಹೆಚ್ಚು; ಒಬ್ಬನು 9 ಕೋಟಿ ಕೊಡಲು ಮುಂದೆ ಬಂದನೆನ್ನೋಣ. ವೆಚ್ಚ ಕಳೆದು ಬ್ಯಾಂಕಿಗೆ 6 ಕೋಟಿ 90 ಲಕ್ಷ, ಕಾರ್ಮಿಕರಿಗೆ ಪೂರ್ಣ 1 ಕೋಟಿ, ವರ್ತಕರಿಗೆ 50 ಲಕ್ಷವೆಂದು ಯೋಜನೆ ಆಗಬಹುದು.

ಆದರೆ ಆ 50 ಲಕ್ಷವು ವರ್ತಕರ ಹಕ್ಕಲ್ಲವೆಂಬುದನ್ನು ನಾವು ಮರೆಯಲಾಗದು. ಯೋಜನೆಗೆ ಮತ ಕೊಡುವವರು ಬ್ಯಾಂಕಿನಂತಹ ಹಣಕಾಸು ಋಣದಾತರು. ನೂರಕ್ಕೆ 66 ಪಾಲು ಮತ ಬಿದ್ದರೆ ಸಾಕು. ವರ್ತಕನಿಗೆ ಮತವಿಲ್ಲ. ವಿಸರ್ಜನೆಯಲ್ಲಿ ದೊರೆಯುತ್ತಿದ್ದುದು, ಇಲ್ಲವೆ ಯೋಜನೆಯ ಹಣವನ್ನೇ 53ನೆಯ ಕಲಮಿನಂತೆ ಹಂಚಿದರೆ ದೊರೆಯುವುದು, ಇವೆರಡರಲ್ಲಿ ಹೆಚ್ಚಿನದನ್ನು ಅವನಿಗೆ ಕೊಡಲೇಬೇಕು. ನಮ್ಮ ಲೆಕ್ಕದಲ್ಲಿ ಎರಡೂ ಸೊನ್ನೆಯೇ. ಅದಕ್ಕೆ ಮೇಲಿನದು ಋಣದಾತರ ಸಮಿತಿಯ ವಿವೇಚನೆಗೆ ಸೇರಿದುದೆಂದು 2019ರ ನವೆಂಬರಿನಲ್ಲಿ ಎಸ್ಸಾರ್ ಉಕ್ಕು ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು.

ಹಾಗಾದರೆ ಪುನರುಜ್ಜೀವನವನ್ನು ಹಾರೈಸುವುದೇಕೆ? ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆಯನ್ನು ನೋಡಿರಿ. ಅದು 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು ವಿಸರ್ಜನೆಗೆ ಆಜ್ಞೆಯಿತ್ತುದು 2016ರ ನವೆಂಬರಿನಲ್ಲಿ. ಅದೇ ವರ್ಷ ಬ್ಯಾಂಕುಗಳು ಸಂಸ್ಥೆಯ ವ್ಯಾಪಾರಮುದ್ರೆಗಳನ್ನು 366 ಕೋಟಿಗೂ ಮಿಕ್ಕ ಕನಿಷ್ಠ ಬೆಲೆಗೆ ಹರಾಜಿಗಿಟ್ಟಾಗ ಕೂಗುವವರೇ ಬರಲಿಲ್ಲ. ಹಾರದ ವಿಮಾನದ ಹೆಸರನ್ನು ಯಾರು ಕೊಂಡಾರು? ಮುಂಬಯಿಯ ಕಚೇರಿ ಕಟ್ಟಡಕ್ಕೆ 2016ರಲ್ಲಿ 150 ಕೋಟಿ ಕೇಳಿದ್ದರು; ಅದು ಮಾರಾಟವಾದುದು 2021ರಲ್ಲಿ, ಸುಮಾರು 52 ಕೋಟಿಗೆ. ಕಾಲ ಕಳೆದಷ್ಟೂ ಪಾತ್ರೆ ಬರಿದಾಗುತ್ತದೆ. ಆ ನಷ್ಟ ಮೊದಲು ತಟ್ಟುವುದು ಕೊನೆಯ ಪಂಕ್ತಿಯವನಿಗೆ.

ಆದುದರಿಂದ ನಮ್ಮ ವರ್ತಕನು ಎರಡು ಸಂಗತಿಗಳನ್ನು ಅರಿತಿರಬೇಕು. ದಿವಾಳಿಯ ಸಾರ್ವಜನಿಕ ಪ್ರಕಟಣೆ ಹೊರಟೊಡನೆ ಬಿಲ್ಲು, ತೂಕದ ಚೀಟಿಗಳೊಡನೆ ತನ್ನ ಹಕ್ಕನ್ನು ಲಿಖಿತವಾಗಿ ಸಲ್ಲಿಸಬೇಕು. ಅಂಗೀಕೃತ ಯೋಜನೆಯಲ್ಲಿ ಸೇರದ ಹಕ್ಕು ಅಳಿದುಹೋಗುವುದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಎರಡನೆಯದಾಗಿ, ಅರ್ಜಿ ಅಂಗೀಕಾರವಾದ ಮೇಲೆ ಗಿರಣಿ ನಡೆಯಲೆಂದು ಕೊಟ್ಟ ಬೀಜದ ಬೆಲೆಯು ಹಳೆಯ ಬಾಕಿಯಲ್ಲ, ಕಾರ್ಯಭಾರದ ವೆಚ್ಚ. ಹಳೆಯ ಸಾಲಕ್ಕಾಗಿ ಕೊನೆಯ ಪಂಕ್ತಿಯಲ್ಲಿ ಕುಳಿತವನೇ ಹೊಸ ಸರಕಿನ ಬೆಲೆಗೆ ಬ್ಯಾಂಕಿಗಿಂತಲೂ ಮೊದಲ ಪಂಕ್ತಿಯಲ್ಲಿ ಕುಳಿತಿರುತ್ತಾನೆ.