ಫಲಕದ ಮೇಲೆ ಎರಡು ಸಾಲು

ಶಾಲೆಯ ಸೂಚನಾ ಫಲಕಕ್ಕೆ ಪರಿಶ್ರಮದ ಬಗ್ಗೆ ಎರಡು ಸಾಲು ಬರೆಯಿರಿ ಎಂದರೆ ಬಹುತೇಕ ಎಲ್ಲರ ಕೈಯಿಂದಲೂ ಬರುವುದು ಇಂಥದ್ದು:

ಕಷ್ಟಪಟ್ಟು ಓದಬೇಕು
ಮುಂದೆ ಬಂದು ಬೆಳೆಯಬೇಕು

ಲಯದಲ್ಲಿ ದೋಷವಿಲ್ಲ. ಮೂರು ಮಾತ್ರೆಯ ನಾಲ್ಕು ಗಣಗಳು ಎರಡೂ ಸಾಲಿನಲ್ಲಿ ಸರಿಯಾಗಿ ಕೂತಿವೆ. ಸೋತಿರುವುದು ಪ್ರಾಸ. ‘ಬೇಕು’ ಎಂಬುದನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ, ‘ಓದ’, ‘ಬೆಳೆಯ’ ಉಳಿಯುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಕನ್ನಡದಲ್ಲಿ ಕ್ರಿಯಾಪದಗಳು ಬೇಕು, ವುದು, ತ್ತದೆ ಎಂದು ಮುಗಿಯುವುದರಿಂದ ಇಂಥ ಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಕಿವಿಯಲ್ಲಿ ನಿಲ್ಲುವುದಿಲ್ಲ. ಅದೂ ಅಲ್ಲದೆ, ಈ ಸಾಲುಗಳಲ್ಲಿ ಕಣ್ಣಿಗೆ ಕಾಣುವ ಕೆಲಸ ಒಂದೂ ಇಲ್ಲ.

ಮಕ್ಕಳು ನಿಜವಾಗಿ ಪಡುವ ಕಷ್ಟ ಯಾವುದು? ಲೆಕ್ಕ ತಪ್ಪುತ್ತದೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಅಲ್ಲಿಂದಲೇ ಶುರು ಮಾಡಿದೆ:

ತಪ್ಪಿದ ಲೆಕ್ಕವ ತಿದ್ದುತ ಬಂದರೆ
ಒಪ್ಪುವ ಉತ್ತರಕೇನಿದೆ ತೊಂದರೆ?

ಇಲ್ಲಿ ‘ಬಂದರೆ’ ಕ್ರಿಯಾಪದ, ‘ತೊಂದರೆ’ ನಾಮಪದ. ಬೇರೆ ಬೇರೆ ಜಾತಿಯ ಪದಗಳು ಹೀಗೆ ಕೂಡಿದಾಗ ಪ್ರಾಸಕ್ಕೆ ಸಣ್ಣದೊಂದು ಅಚ್ಚರಿ ಬರುತ್ತದೆ. ಸಾಲಿನ ಆರಂಭದಲ್ಲೂ ‘ಪ್ಪಿ’, ‘ಪ್ಪು’ ಎಂದು ಎರಡನೆಯ ಅಕ್ಷರ ಹೊಂದಿದೆ. ಹಳೆಯ ಕನ್ನಡ ಕಾವ್ಯ ಕಡ್ಡಾಯವಾಗಿ ಕೇಳುತ್ತಿದ್ದ ಆದಿಪ್ರಾಸ ಇದೇ. ಫಲಕದಲ್ಲಿ ಈ ಅಕ್ಷರಗಳು ಮೇಲೆ ಕೆಳಗೆ ಬರುವುದರಿಂದ ಪ್ರಾಸ ಕಣ್ಣಿಗೂ ಕಾಣುತ್ತದೆ.

ಮಾತ್ರೆ ಎಣಿಸುವುದು ಸುಲಭ. ಹ್ರಸ್ವಕ್ಕೆ 1, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ 2. ‘ತಪ್ಪಿದ’ ಎಂದರೆ 2, 1, 1. ಹೀಗೆ ನಾಲ್ಕು ನಾಲ್ಕರ ಗಣಗಳಲ್ಲಿ ಸಾಲಿಗೆ 16 ಮಾತ್ರೆ. ಆಟದ ಮೈದಾನದ ಬಳಿಯ ಫಲಕಕ್ಕೆ ಇನ್ನೊಂದು:

ದಿನವೂ ಬಯಲನು ಸುತ್ತಿದ ಕಾಲು
ಪದಕವು ಬಂದರೆ ಅದಕೂ ಪಾಲು

ಇಲ್ಲಿ ‘ಬಯಲನ್ನು’ ಎಂದು ಬರೆದರೆ ಗಣಕ್ಕೆ 5 ಮಾತ್ರೆಯಾಗಿ ಓದುವವರು ಎಡವುತ್ತಾರೆ. ಪದ್ಯದಲ್ಲಿ ‘ಬಯಲನು’ ನಡೆಯುತ್ತದೆ. ಕೊನೆಯ ಗಣದಲ್ಲಿ ಒಂದು ಮಾತ್ರೆ ಕಡಿಮೆಯಿದ್ದರೂ ತೊಂದರೆಯಿಲ್ಲ, ದನಿ ಎಳೆದು ತುಂಬಿಕೊಳ್ಳುತ್ತದೆ. (ಕಾಲಿಗೆ ಪದಕದಲ್ಲಿ ಪಾಲು ಕೊಟ್ಟದ್ದು ಉಪದೇಶದ ಭಾರ ಇಳಿಸಲಿ ಎಂದು.)

ಸೀಮೆಸುಣ್ಣದಲ್ಲಿ ಬರೆಯುವಾಗ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. ಒಂದು ಸಾರಿಗೆ ಒಂದೇ ದ್ವಿಪದಿ ಸಾಕು. ಬರೆಯುವ ಮೊದಲು ನಾಲ್ಕನೇ ತರಗತಿಯ ಮಗುವೊಂದರಿಂದ ಗಟ್ಟಿಯಾಗಿ ಓದಿಸಿ. ಅದು ತಡವರಿಸಿದ ಕಡೆ ಮಾತ್ರೆಯನ್ನು ಮತ್ತೆ ಎಣಿಸಿ.