ಮೀಟಿಂಗಿಗೆ ಹೋಗಬೇಕೋ, ಬೇಡವೋ?

‘ಸೋಮವಾರ 3 ಗಂಟೆಗೆ ಕ್ಯಾಂಟೀನ್ ಮೀಟಿಂಗ್’ ಎಂದಷ್ಟೇ ಬರೆದು ಒಂಬತ್ತು ಜನರಿಗೆ ಕಳಿಸಿದರೆ, ವಿಷಯ ಏನೆಂದು ತಿಳಿಯದೆ ಒಂಬತ್ತೂ ಜನ ಬಂದು ಕೂರುತ್ತಾರೆ. ಅದೇ ಆಹ್ವಾನವನ್ನು ಹೀಗೆ ಬರೆದು ನೋಡಿ:

ಉದ್ದೇಶ: ಕ್ಯಾಂಟೀನ್ ಗುತ್ತಿಗೆಯನ್ನು ಈಗಿನವರಿಗೇ ಮುಂದುವರಿಸಬೇಕೋ, ಹೊಸ ಟೆಂಡರ್ ಕರೆಯಬೇಕೋ ಎಂದು ತೀರ್ಮಾನಿಸುವುದು.
ಕಾರ್ಯಸೂಚಿ: ದೂರುಗಳು (5 ನಿಮಿಷ), ದರಗಳ ಹೋಲಿಕೆ (10 ನಿಮಿಷ), ತೀರ್ಮಾನ (15 ನಿಮಿಷ).

ಈಗ ಲೆಕ್ಕಪತ್ರ ವಿಭಾಗದವರು ದರಪಟ್ಟಿಯನ್ನು ಮೊದಲೇ ಕಳಿಸಿ ತಮ್ಮ ಕೆಲಸ ನೋಡಿಕೊಳ್ಳಬಹುದು. ಸಹಿ ಹಾಕುವ ಮ್ಯಾನೇಜರ್‌ಗೆ ತಾವು ಬರಲೇಬೇಕೆಂಬುದು ಗೊತ್ತಾಗುತ್ತದೆ. ಬರಲಾಗದಿದ್ದರೆ ದಿನ ಬದಲಿಸಲು ಹೇಳುತ್ತಾರೆ.

ಉದ್ದೇಶದ ಸಾಲು ‘ಚರ್ಚಿಸುವುದು’ ಎಂದು ಮುಗಿದರೆ ಅನುಮಾನಿಸಿ. ಮೀಟಿಂಗ್ ಮುಗಿದಾಗ ಕೈಯಲ್ಲಿ ಏನಿರಬೇಕು ಎಂಬುದನ್ನು ಆ ಸಾಲು ಹೇಳಬೇಕು. ‘ಮಾಹಿತಿ ತಿಳಿಸುವುದು’ ಎಂದಷ್ಟೇ ಬರೆಯಲು ಸಾಧ್ಯವಾದರೆ ಒಂದು ಇಮೇಲ್ ಸಾಕು.

ಇಷ್ಟಾದರೂ, ಮೇಲಧಿಕಾರಿ ಕರೆದ ಮೀಟಿಂಗಿಗೆ ‘ಬರುವುದಿಲ್ಲ’ ಎನ್ನಲು ಕಿರಿಯರು ಹಿಂಜರಿಯುತ್ತಾರೆ. ಆದ್ದರಿಂದ ಯಾರು ಬರಲೇಬೇಕು, ಯಾರು ಬಾರದಿದ್ದರೂ ನಡೆಯುತ್ತದೆ ಎಂಬುದನ್ನು ಕರೆದವರೇ ಹೆಸರು ಹಿಡಿದು ಬರೆಯುವುದು ಒಳ್ಳೆಯದು.