ಬೆಲೆಯಿಳಿದಾಗ ಸಾಲ ಬೆಳೆಯುವ ಬಗೆ

ಬೆಲೆಯೇರಿಕೆಯನ್ನು ಬಯ್ಯದ ಮನೆ ನಮ್ಮಲ್ಲಿಲ್ಲ. ಸಂತೆಯಲ್ಲಿ ಜೋಳವೋ ತೊಗರಿಯೋ ಕಳೆದ ವಾರಕ್ಕಿಂತ ಅಗ್ಗವಾಗಿ ದೊರೆತರೆ ಕೊಂಡವನ ಮುಖ ಅರಳುವುದು ಸಹಜ. ಹಾಗಾದರೆ ಒಂದೆರಡು ವಸ್ತುಗಳಲ್ಲ, ಎಲ್ಲ ವಸ್ತುಗಳ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋದರೆ ನಾಡಿಗೆ ಸುಭಿಕ್ಷವೇ ಬಂದಂತಲ್ಲವೆ? ಅರ್ಥಶಾಸ್ತ್ರಜ್ಞರು ಮಾತ್ರ ಇಂಥ ಇಳಿತವನ್ನು ಕಂಡರೆ ಬೆಚ್ಚುತ್ತಾರೆ. ಇದನ್ನು ಅವರು ಡಿಫ್ಲೇಷನ್ ಎನ್ನುವರು. ನಾವು ಹಣದ ಇಳಿತವೆಂದು ಕರೆಯೋಣ. ಅವರ ಅಂಜಿಕೆಗೆ ಕಾರಣವೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನ ಒಂದು ಹೊಲವೇ ಸಾಕು.

ಮೊದಲು ಅಳತೆಯ ವಿಷಯ. ಭೌತಶಾಸ್ತ್ರವನ್ನೋದುವವರಿಗೆ ನಾವು ಮೊದಲ ದಿನವೇ ಹೇಳುವ ಮಾತೊಂದುಂಟು: ಅಳೆಯುವ ಕಡ್ಡಿ ತಾನೇ ಹಿಗ್ಗಿ ಕುಗ್ಗಬಾರದು. ಒಬ್ಬನು ತನ್ನ ನೆರೆಯವನಿಗೆ ನೂರು ಗಜ ಬಟ್ಟೆಯನ್ನು ಕೊಡಬೇಕಾಗಿದೆಯೆಂದಿಟ್ಟುಕೊಳ್ಳಿ. ಕೊಡುವ ದಿನ ಬರುವಷ್ಟರಲ್ಲಿ ಗಜಕಡ್ಡಿಯೇ ಒಂದೂವರೆ ಪಟ್ಟು ಉದ್ದವಾದರೆ, ಕಾಗದದ ಮೇಲೆ ನೂರು ಗಜವೆಂದೇ ಇದ್ದರೂ ಪಾಪ, ಅವನು ಹಿಂದಿನ ನೂರೈವತ್ತು ಗಜದಷ್ಟು ಬಟ್ಟೆಯನ್ನು ನೇಯಬೇಕಾಗುವುದು. ಬೆಲೆಯನ್ನಳೆಯುವ ಕಡ್ಡಿ ರೂಪಾಯಿ. ಎಲ್ಲ ಬೆಲೆಗಳೂ ಇಳಿದುವೆಂದರೆ ರೂಪಾಯಿಯ ಕೊಳ್ಳುವ ಶಕ್ತಿ ಹಿಗ್ಗಿತೆಂದೇ ಅರ್ಥ. ರೂಪಾಯಿಯನ್ನು ಕೈಯಲ್ಲಿ ಹಿಡಿದವನಿಗೆ ಇದು ಲಾಭ. ರೂಪಾಯಿಯನ್ನು ಕೊಡಬೇಕಾದವನಿಗೆ ಇದು ಹೊರೆ.

ಇನ್ನು ಹೊಲಕ್ಕೆ ಬರೋಣ. 1929ರಲ್ಲಿ ಸಗರನಾಡು ನಿಜಾಮರ ಹೈದರಾಬಾದು ಸಂಸ್ಥಾನದ ಗುಲ್ಬರ್ಗ ಜಿಲ್ಲೆಯ ಒಂದು ಭಾಗ. ಉಣ್ಣಲು ಜೋಳ, ಮಾರಲು ಹತ್ತಿ. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುದಾರಿ ಯಾದಗಿರಿಯ ಮೂಲಕವೇ ಹಾದುದರಿಂದ, ಇಲ್ಲಿಯ ಹತ್ತಿಯ ಬೆಲೆಯನ್ನು ಗೊತ್ತುಪಡಿಸುತ್ತಿದ್ದುದು ಇಲ್ಲಿಯ ಸಂತೆಯಲ್ಲ, ಮುಂಬಯಿಯ ಪೇಟೆ. ಆ ಪೇಟೆಯಾದರೋ ಲೋಕದ ಪೇಟೆಗಳಿಗೆ ಕಿವಿಗೊಟ್ಟು ಕುಳಿತಿತ್ತು. ಆ ವರ್ಷದ ಕೊನೆಗೆ ಅಮೆರಿಕದಲ್ಲಿ ಷೇರು ಪೇಟೆ ಕುಸಿಯಿತು. ಲೋಕದಲ್ಲೆಲ್ಲ ಬೇಡಿಕೆ ಒಣಗಿತು. ಕಲ್ಕತ್ತೆಯ ಸಗಟು ಬೆಲೆಗಳ ಸೂಚಿಯನ್ನು ನೋಡಿ: 1914ರ ಜುಲೈ ತಿಂಗಳ ಬೆಲೆಯನ್ನು 100 ಎಂದೆಣಿಸಿದರೆ, 1929ರಲ್ಲಿ ಅದು 141 ಇದ್ದಿತು; 1930ರಲ್ಲಿ 116 ಆಯಿತು; 1931ರಲ್ಲಿ 96; 1933ರಲ್ಲಿ 87. ನಾಲ್ಕು ವರ್ಷಗಳಲ್ಲಿ ಬೆಲೆಗಳು ನೂರಕ್ಕೆ 38ರಷ್ಟು ಇಳಿದುವು. ಇದು ಎಲ್ಲ ವಸ್ತುಗಳ ಸರಾಸರಿ. ರೈತನು ಮಾರುವ ಬೆಳೆಗಳ ಬೆಲೆ ಇದಕ್ಕಿಂತ ಹೆಚ್ಚು ಬಿದ್ದಿತು, ಅವನು ಕೊಳ್ಳುವ ಕಾರ್ಖಾನೆಯ ಸಾಮಾನುಗಳ ಬೆಲೆ ಇದಕ್ಕಿಂತ ಕಡಿಮೆ ಬಿದ್ದಿತು.

ಈಗ ಶಹಾಪುರದ ಬಳಿಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ನಾವು ಲೆಕ್ಕದ ಸುಲಭಕ್ಕಾಗಿ ಆರಿಸಿಕೊಂಡವು. ಅವನು ಹತ್ತು ಮಣ ಹತ್ತಿಯನ್ನು ಮಣಕ್ಕೆ ಹತ್ತು ರೂಪಾಯಿಯಂತೆ ಮಾರಿ ನೂರು ರೂಪಾಯಿ ಪಡೆಯುತ್ತಾನೆ. ಭೂಕಂದಾಯ 15 ರೂಪಾಯಿ. ಸಾಹುಕಾರನಲ್ಲಿ ತಂದ ನೂರು ರೂಪಾಯಿ ಸಾಲಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ 12 ರೂಪಾಯಿ. ಬೀಜ, ಕೂಲಿ, ಎತ್ತಿನ ಮೇವು ಸೇರಿ 33. ಉಳಿದ 40 ರೂಪಾಯಿಯಲ್ಲಿ ಬಟ್ಟೆ, ಬೆಲ್ಲ, ಎಣ್ಣೆ, ಮದುವೆ, ಜಾತ್ರೆ.

ಹತ್ತಿಯ ಬೆಲೆ ಅರ್ಧಕ್ಕಿಳಿಯಲಿ. ಮಳೆ ಕೈಕೊಟ್ಟಿಲ್ಲ, ಹುಳ ಬಿದ್ದಿಲ್ಲ, ಬೆಳೆ ಮೊದಲಿನಷ್ಟೇ ಹತ್ತು ಮಣ ಬಂದಿದೆ; ಕೈಗೆ ಬಂದುದು ಮಾತ್ರ 50 ರೂಪಾಯಿ. ಕೂಲಿ, ಬೀಜಗಳೂ ಅಗ್ಗವಾಗಿ ಆ ಖರ್ಚು 20ಕ್ಕಿಳಿಯಿತೆನ್ನೋಣ. ಆದರೆ ಕಂದಾಯದ 15 ರೂಪಾಯಿ ಹಲವು ವರ್ಷಗಳಿಗೆ ನಗದಿನಲ್ಲಿಯೇ ನಿಗದಿಯಾದುದು. ಬಡ್ಡಿಯ 12 ರೂಪಾಯಿ ಪತ್ರದಲ್ಲಿ ಬರೆದುದು. ಅವೆರಡೂ ಅಲುಗಲಿಲ್ಲ. ಒಟ್ಟು ಖರ್ಚು 47, ಉಳಿಕೆ 3 ರೂಪಾಯಿ. ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಲೆ ಇಳಿದುದು ಅರ್ಧಕ್ಕೆ. ಉಳಿಕೆ ಇಳಿದುದು ಅರ್ಧಕ್ಕಲ್ಲ, ಹದಿಮೂರರಲ್ಲೊಂದು ಪಾಲಿಗೆ. ಪೇಟೆಯಲ್ಲಿ ಬಟ್ಟೆ ಅಗ್ಗವಾಗಿದೆಯೆಂಬುದು ನಿಜವೇ. ಮೂರು ರೂಪಾಯಿ ಹಿಡಿದು ಹೋದವನಿಗೆ ಆ ಅಗ್ಗದಿಂದೇನು ಬಂತು? ಇನ್ನು ಅಸಲು: ಹಿಂದೆ ಹತ್ತು ಮಣ ಹತ್ತಿಯಿಂದ ತೀರಬಹುದಾಗಿದ್ದ ನೂರು ರೂಪಾಯಿ ಸಾಲಕ್ಕೆ ಈಗ ಇಪ್ಪತ್ತು ಮಣ ಬೇಕು. ಅವನು ಹೊಸದಾಗಿ ಒಂದು ಕಾಸೂ ಸಾಲ ಮಾಡಲಿಲ್ಲ. ಸಾಲ ತಾನಾಗಿ ಇಮ್ಮಡಿಯಾಯಿತು.

ಈ ಇಳಿತದಲ್ಲಿ ಗೆದ್ದವರೂ ಇದ್ದರೆಂಬುದನ್ನು ಮರೆಮಾಚಬಾರದು. ತಿಂಗಳ ಸಂಬಳ ಕೈತಪ್ಪದ ಗುಮಾಸ್ತನಿಗೆ ಅದು ಒಳ್ಳೆಯ ಕಾಲ. ಸಾಲ ಕೊಟ್ಟ ಸಾಹುಕಾರನೂ ಕಾಗದದ ಮೇಲೆ ಗೆದ್ದನು. ಒಬ್ಬನ ನಷ್ಟ ಇನ್ನೊಬ್ಬನ ಲಾಭವಾದರೆ ನಾಡಿನ ಮೊತ್ತದಲ್ಲಿ ಏನು ಕೆಟ್ಟಿತು ಎಂದು ಕೇಳಬಹುದು. ಕೆಟ್ಟುದು ಇಲ್ಲಿ: ಬಟ್ಟೆ, ಬೆಲ್ಲಗಳನ್ನು ಕೊಳ್ಳುವುದನ್ನು ರೈತನು ನಿಲ್ಲಿಸಿದನು, ಸಾಹುಕಾರನಾದರೋ ತನ್ನ ಲಾಭದಿಂದ ಅಷ್ಟೇ ಬಟ್ಟೆಯನ್ನು ಹೆಚ್ಚಾಗಿ ಕೊಳ್ಳಲಿಲ್ಲ. ಅಂಗಡಿಯವನು ಹಳೆಯ ಹೆಚ್ಚಿನ ಬೆಲೆಗೆ, ಅದೂ ಸಾಲ ಮಾಡಿ ತಂದ ಸರಕು ಕಪಾಟಿನಲ್ಲಿಯೇ ಉಳಿಯಿತು. ಅದನ್ನು ನಷ್ಟಕ್ಕೆ ಮಾರಿದನು. ನೇಕಾರನಿಗೆ ಕೆಲಸ ತಪ್ಪಿತು. ವಸೂಲಿ ಬರದೆ ಹೋದಾಗ ಸಾಹುಕಾರನೂ ಹೆದರಿ, ಹೊಸ ಸಾಲವನ್ನು ನಿಲ್ಲಿಸಿ ಹಳೆಯದನ್ನು ಕೂಡಲೇ ಕೇಳತೊಡಗಿದನು. ಸಾಲ ತೀರಿಸಲು ಎಲ್ಲರೂ ಒಮ್ಮೆಗೇ ಬೆಳೆಯನ್ನೂ ದನಗಳನ್ನೂ ಹೊಲವನ್ನೂ ಮಾರಲು ಹೊರಟರೆ ಬೆಲೆ ಮತ್ತಷ್ಟು ಬೀಳುವುದು. ಬೆಲೆ ಬಿದ್ದರೆ ಉಳಿದ ಸಾಲ ಮತ್ತಷ್ಟು ಭಾರವಾಗುವುದು.

ಬಟ್ಟಲೊಳಗಿನ ಗೋಲಿಯನ್ನು ಪಕ್ಕಕ್ಕೆ ತಳ್ಳಿದರೆ ಅದು ತಿರುಗಿ ನಡುವಿಗೇ ಬರುವುದು. ಅದೇ ಬಟ್ಟಲನ್ನು ಬೋರಲಿಟ್ಟು ನೆತ್ತಿಯ ಮೇಲೆ ಗೋಲಿಯನ್ನಿಟ್ಟರೆ ಸ್ವಲ್ಪ ಸೋಕಿದರೂ ಸಾಕು, ಅದು ದೂರ ದೂರಕ್ಕೆ ಉರುಳುವುದು. ಒಂದು ವಸ್ತುವಿನ ಬೆಲೆ ಇಳಿದಾಗ ಪೇಟೆ ನೆಟ್ಟಗಿಟ್ಟ ಬಟ್ಟಲಿನಂತೆ ನಡೆಯುತ್ತದೆ: ಅಗ್ಗವಾಯಿತೆಂದು ಹೆಚ್ಚು ಜನ ಕೊಳ್ಳುತ್ತಾರೆ, ಬೆಲೆ ಚೇತರಿಸುತ್ತದೆ. ಸಾಲದಲ್ಲಿ ಮುಳುಗಿದ ನಾಡಿನಲ್ಲಿ ಎಲ್ಲ ಬೆಲೆಗಳೂ ಇಳಿದಾಗ ಬಟ್ಟಲು ಬೋರಲಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಷರ್ 1933ರಲ್ಲಿ ಪ್ರಕಟಿಸಿದ ಲೇಖನವೊಂದರ ತಿರುಳು ಇದೇ: ಜನರು ಸಾಲ ತೀರಿಸಲು ಪಡುವ ಅವಸರವೇ ಸಾಲದ ನಿಜವಾದ ಭಾರವನ್ನು ಬೆಳೆಸಬಲ್ಲದು. 1929ರ ಕುಸಿತದಲ್ಲಿ ಫಿಷರನು ತಾನೇ ಅಪಾರ ಹಣ ಕಳೆದುಕೊಂಡವನು. ವಿಷಯವನ್ನು ಗ್ರಂಥಾಲಯದಲ್ಲಷ್ಟೇ ಕಲಿತವನಲ್ಲ.

ಬಡ್ಡಿಯನ್ನು ಇಳಿಸಿ ಜನರನ್ನು ಉಳಿಸಬಹುದಾಗಿರಲಿಲ್ಲವೆ? ಕಲ್ಕತ್ತೆಯ ಅಂಕಿಗಳಿಂದಲೇ ಲೆಕ್ಕ ಹಾಕೋಣ. 1929ರಲ್ಲಿ ನೂರು ರೂಪಾಯಿ ಸಾಲ ತಂದವನು ನೂರಕ್ಕೆ ಹನ್ನೆರಡರ ಬಡ್ಡಿಯಂತೆ 1930ರಲ್ಲಿ 112 ರೂಪಾಯಿ ಹಿಂದಿರುಗಿಸುತ್ತಾನೆ. ಆದರೆ ಬೆಲೆ 141ರಿಂದ 116ಕ್ಕೆ ಇಳಿದುದರಿಂದ, 112ನ್ನು 141ರಿಂದ ಗುಣಿಸಿ 116ರಿಂದ ಭಾಗಿಸಬೇಕು. ಹಿಂದಿನ ವರ್ಷದ ರೂಪಾಯಿಗಳಲ್ಲಿ ಅವನು ಕೊಟ್ಟುದು 136. ಅಂದರೆ ಪತ್ರದ ಮೇಲೆ ನೂರಕ್ಕೆ 12, ನಿಜದಲ್ಲಿ ನೂರಕ್ಕೆ 36! ಬಡ್ಡಿಯನ್ನು ಸೊನ್ನೆಗಿಳಿಸಿದ್ದರೂ ನಿಜವಾದ ಬಡ್ಡಿ 21ನ್ನು ಮೀರುತ್ತಿತ್ತು. ಸೊನ್ನೆಗಿಂತ ಕೆಳಕ್ಕೆ ಬಡ್ಡಿ ಬಹಳ ದೂರ ಇಳಿಯಲಾರದು. ಏಕೆಂದರೆ ಆಗ ಜನರು ಹಣವನ್ನು ಸಾಲ ಕೊಡುವ ಬದಲು ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳುವರು. ಬೆಲೆಯೇರಿಕೆಗೆ ಬಡ್ಡಿಯನ್ನು ಎಷ್ಟು ಬೇಕಾದರೂ ಏರಿಸಿ ಕಡಿವಾಣ ಹಾಕಬಹುದು. ಬೆಲೆಯಿಳಿತಕ್ಕೆ ಆ ಕಡಿವಾಣ ಉದ್ದ ಸಾಲದು. ಅರ್ಥಶಾಸ್ತ್ರಜ್ಞರ ಅಂಜಿಕೆಯ ಬಹುಪಾಲು ಈ ಅಸಮತೆಯಲ್ಲಿಯೇ ಇದೆ.

ಉಳಿದ ದಾರಿಯೆಂದರೆ ಚಲಾವಣೆಯಲ್ಲಿರುವ ಹಣವನ್ನು ಹೆಚ್ಚಿಸುವುದು. ಆಗ ಅದೂ ಮುಚ್ಚಿತ್ತು. ಹೈದರಾಬಾದು ಸಂಸ್ಥಾನಕ್ಕೆ ತನ್ನದೇ ಆದ ಹಾಲಿ ಸಿಕ್ಕಾ ಇದ್ದರೂ, ಅದರ ಏಳು ರೂಪಾಯಿ ಸುಮಾರು ಆರು ಬ್ರಿಟಿಷ್ ರೂಪಾಯಿಗೆ ಸಮನಾಗಿರುವಂತೆ ಕಟ್ಟಿಹಾಕಿದ್ದರು. ಬ್ರಿಟಿಷ್ ರೂಪಾಯಿಯನ್ನು ಒಂದು ಷಿಲ್ಲಿಂಗ್ ಆರು ಪೆನ್ಸಿಗೆ ಕಟ್ಟಿದ್ದರು. ಆ ಗಂಟು ಬಿಚ್ಚಿಹೋಗದಿರಲೆಂದು ಸರಕಾರವು ಹಣವನ್ನು ಹೆಚ್ಚಿಸುವ ಬದಲು ಕಡಿಮೆಯೇ ಮಾಡಿತು. ರಿಸರ್ವ್ ಬ್ಯಾಂಕು ಹುಟ್ಟಿದುದು 1935ರ ಏಪ್ರಿಲಿನಲ್ಲಿ.

ಹೀಗಿರಲು ರೈತನ ಬಳಿ ಉಳಿದುದು ಹೆಂಡತಿಯ ಮೈಮೇಲಿನ ಒಡವೆ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ನಾಣ್ಯಪದ್ಧತಿಯನ್ನು ಬಿಟ್ಟಿತು. ಪೌಂಡು ಬಿದ್ದಿತು, ಅದಕ್ಕೆ ಕಟ್ಟಿದ ರೂಪಾಯಿಯೂ ಜೊತೆಗೇ ಬಿದ್ದಿತು. ರೂಪಾಯಿಯ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಎಲ್ಲವೂ ಅಗ್ಗವಾದ ಕಾಲದಲ್ಲಿ ಬೆಲೆ ಏರಿದ ವಸ್ತು ಅದೊಂದೇ ಎನ್ನುವಂತಿತ್ತು. ಕಂದಾಯ, ಬಡ್ಡಿಗಳಿಗಾಗಿ ಹಳ್ಳಿಗಳ ಚಿನ್ನ ಕರಗಿ ಗಟ್ಟಿಯಾಗಿ ಹಡಗು ಹತ್ತಿತು. ಶತಮಾನಗಳಿಂದ ಚಿನ್ನವನ್ನು ನುಂಗುತ್ತಲೇ ಬಂದಿದ್ದ ಭಾರತವು ಆ ದಶಕದಲ್ಲಿ ನೂರಾರು ಕೋಟಿ ರೂಪಾಯಿಗಳ ಚಿನ್ನವನ್ನು ಹೊರಕ್ಕೆ ಕಳಿಸಿತು. ಅದನ್ನು ಸಂಕಟದ ಚಿನ್ನವೆಂದು ಕರೆದುದು ಸರಿಯಾದ ಮಾತು.

ಬೆಲೆಯಿಳಿದುದೆಲ್ಲವೂ ಕೇಡೆಂದು ಇದರಿಂದ ತಿಳಿಯಬಾರದು. ಎಲ್ಇಡಿ ದೀಪಗಳೂ ಗಣಕಯಂತ್ರಗಳೂ ಅಗ್ಗವಾದುದು ಅವುಗಳನ್ನು ಮಾಡುವ ವಿದ್ಯೆ ಬೆಳೆದುದರಿಂದ. ಅಲ್ಲಿ ಮಾಡುವವನ ಖರ್ಚೂ ಇಳಿದಿದೆ, ಮಾರಾಟವೂ ಬೆಳೆದಿದೆ. ನಾರಾಯಣಪುರದ ಕಾಲುವೆಯ ನೀರು ಕುಡಿದ ಸುರಪುರದ ಹೊಲದಲ್ಲಿ ಬೆಳೆ ಇಮ್ಮಡಿಯಾಗಿ ಭತ್ತದ ಬೆಲೆ ತುಸು ಇಳಿದರೆ ಅದೂ ಬೇರೆ ಮಾತು. ಗುರುತಿಸುವ ಬಗೆ ಹೀಗೆ: ಇಳಿತವು ಒಂದೆರಡು ವಸ್ತುಗಳದೋ ಎಲ್ಲವುಗಳದೋ, ಒಂದು ಸುಗ್ಗಿಯದೋ ವರ್ಷಗಳದೋ, ಬೆಲೆಯೊಂದಿಗೆ ಮಾರಾಟವೂ ಕೂಲಿಯೂ ಕುಗ್ಗುತ್ತಿವೆಯೋ ಬೆಳೆಯುತ್ತಿವೆಯೋ ಎಂದು ನೋಡಬೇಕು. 1930ರ ಬಳಿಕ ಮಾರಾಟವೂ ಕೂಲಿಯೂ ಬೆಲೆಯ ಜೊತೆಗೇ ಕುಗ್ಗಿದುವು.

ನಮ್ಮ ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಗೊತ್ತುಪಡಿಸಿದ ಗುರಿಯನ್ನು ಈಗ ಇನ್ನೊಮ್ಮೆ ಓದಿ. ಚಿಲ್ಲರೆ ಬೆಲೆಗಳು ವರ್ಷಕ್ಕೆ ನೂರಕ್ಕೆ 4ರಂತೆ ಏರಬೇಕು. 6ನ್ನು ಮೀರಬಾರದು ಎಂಬುದು ಎಲ್ಲರಿಗೂ ಅರ್ಥವಾಗುವ ಮಾತು. ಆದರೆ 2ಕ್ಕಿಂತ ಕೆಳಕ್ಕೂ ಇಳಿಯಬಾರದು ಎಂದು ಕೆಳಗೊಂದು ಗೆರೆಯನ್ನೂ ಎಳೆದಿದ್ದಾರೆ. 2025ರ ಅಕ್ಟೋಬರಿನಲ್ಲಿ ಈ ಏರಿಕೆ 0.25ಕ್ಕೆ ಬಂದಿತು, ಆಹಾರ ಪದಾರ್ಥಗಳ ಬೆಲೆಯಂತೂ ಹಿಂದಿನ ವರ್ಷಕ್ಕಿಂತ ನೂರಕ್ಕೆ 5ರಷ್ಟು ಕೆಳಗಿತ್ತು. ಎಲ್ಲ ಬೆಲೆಗಳನ್ನು ಕೂಡಿಸಿ ನೋಡಿದರೆ ಅದು ಹಣದ ಇಳಿತವಾಗಿರಲಿಲ್ಲ. ಕಾಯಿಪಲ್ಲೆ ಕೊಂಡವರು ಹಿಗ್ಗಿದರು. ತೊಗರಿಯನ್ನೋ ಮೆಣಸಿನಕಾಯಿಯನ್ನೋ ಬಿತ್ತಲು ರೂಪಾಯಿಗಳಲ್ಲಿ ಸಾಲ ತಂದವನಾದರೋ ಬೇರೆಯೇ ಒಂದು ಲೆಕ್ಕವನ್ನು ಹಾಕುತ್ತಾನೆ: ಆ ಸಾಲ ತೀರಲು ಈ ವರ್ಷ ಎಷ್ಟು ಚೀಲ ಬೇಕು?